ಆರು ಆಟ, ಒಂದು ಕಾರ್ಡು

ನನಗೆ ಆ ಕಾರ್ಡು ಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದನ್ನೆಲ್ಲ ಓದಿ ನೀವು ಇಲ್ಲದ ಕಾರಣಗಳನ್ನು ಹುಡುಕಿಕೊಂಡು ಕೂರುವುದು ಬೇಡ. ಎಂಟು ಜಿಬಿಯ ಹೊಸ ಗ್ರಾಫಿಕ್ಸ್ ಕಾರ್ಡು. ಕಾರವಾರದ ಹರಿಶ್ಚಂದ್ರ ಮಾಮನ ಕಂಪ್ಯೂಟರ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಎರಡು ಫ್ಯಾನು ತೋರಿಸಿಕೊಂಡು ಕೂತಿತ್ತು. ನಾನು ಕೆಲಸ ಮಾಡುವ ಲ್ಯಾಬಿನಿಂದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಆ ಅಂಗಡಿ ಇದ್ದದ್ದು ನನ್ನ ತಪ್ಪಲ್ಲ.

ನಾನು ಸುನೀತಾ. ಹಗಲೆಲ್ಲ ಕಾರವಾರದಲ್ಲಿ ಜನರ ರಕ್ತ ಪರೀಕ್ಷೆ ಮಾಡುತ್ತೇನೆ, ಸಂಜೆ ಅವರ್ಸಾದ ಮನೆಗೆ ಬಂದು ಹಡಗು ನಡೆಸುತ್ತೇನೆ. ಹಡಗು ಅಂದರೆ ಕಂಪ್ಯೂಟರಿನಲ್ಲಿ. ಆ ಆಟ ಬರುತ್ತದೆಂದು ಎರಡು ವರ್ಷ ಕಾದಿದ್ದೆ. ಬಂದ ದಿನವೇ ಕೊಂಡೆ. ಶುರು ಮಾಡಿ ನೋಡಿದರೆ ಸೆಕೆಂಡಿಗೆ ಹದಿನೇಳು ಫ್ರೇಮು, ಅಂದರೆ ಹದಿನೇಳೇ ಚಿತ್ರ. ಸಿನಿಮಾವನ್ನು ಒಂದೊಂದೇ ಫೋಟೊ ಮಾಡಿ ಕೈಗೆ ಕೊಟ್ಟ ಹಾಗಿತ್ತು. ಅಲೆ ಏಳುವುದು ಕಾಣುತ್ತಿತ್ತು, ಬೀಳುವುದು ಕಾಣುತ್ತಿರಲಿಲ್ಲ, ಅಷ್ಟರೊಳಗೆ ನಾನು ಮುಳುಗಿರುತ್ತಿದ್ದೆ.

ಕಂಪ್ಯೂಟರು ನನ್ನದು ಮತ್ತು ತಮ್ಮ ಪ್ರದೀಪನದು, ಇಬ್ಬರಿಗೂ ಸೇರಿದ್ದು. ಅದರೊಳಗಿನ ಕಾರ್ಡು ನಾಲ್ಕು ಜಿಬಿಯದು, ಹಳೆಯದು. ಇಬ್ಬರೂ ಸೇರಿ ಒಂದಿಷ್ಟು ದುಡ್ಡು ಕೂಡಿಟ್ಟಿದ್ದೆವು. ನನಗೆ ಅದರಲ್ಲಿ ಕಾರ್ಡು ತರಬೇಕು, ಅವನಿಗೆ ಅದರಲ್ಲಿ ಹಳೇ ಬುಲೆಟ್ ಗಾಡಿಗೆ ಮುಂಗಡ ಕೊಡಬೇಕು.

"ನಿನ್ನ ಒಂದು ಹಡಗಿನ ಸಲುವಾಗಿ ಕಾರ್ಡು ತರೂದಾ ಅಕ್ಕಾ? ನನ್ನ ಆಟ ಎಲ್ಲಾ ಚೊಲೋ ಓಡ್ತದೆ," ಅಂದ ಪ್ರದೀಪ.

ನಾವಿಬ್ಬರೂ ಮೂರು ದಿನ ಜಗಳ ಮಾಡಿ ಕೊನೆಗೆ ಒಂದು ಕರಾರಿಗೆ ಬಂದೆವು. ಮನೆಯಲ್ಲಿ ಆಡುವ ಆಟ ಒಟ್ಟು ಆರು. ಗುಂಡು ಹಾರಿಸುವ ಆಟ, ಕ್ರಿಕೆಟ್, ಲಾರಿ ಓಡಿಸುವ ಆಟ, ಊರು ಕಟ್ಟುವ ಆಟ, ಪ್ರದೀಪನ ಕಾರಿನ ಆಟ, ನನ್ನ ಹಡಗು. ಎಲ್ಲವನ್ನೂ ಒಂದೇ ಅಳತೆಯಲ್ಲಿ ನೋಡುವುದು: ನಮ್ಮ ಪರದೆಯ ಪೂರ್ತಿ ರೆಸೊಲ್ಯೂಶನ್ನು, ಅಂದರೆ ಸಾವಿರದ ಎಂಬತ್ತು ಸಾಲು ಬಿಂದುಗಳದ್ದು, ಸೆಟ್ಟಿಂಗ್ ಎಲ್ಲ ಮೀಡಿಯಂ. ಸೆಕೆಂಡಿಗೆ ನಲವತ್ತು ಫ್ರೇಮಿಗಿಂತ ಕೆಳಗೆ ಬಿದ್ದರೆ ಆ ಆಟ ಫೇಲು. ಆರರಲ್ಲಿ ಮೂರು ಫೇಲಾದರೆ ಕಾರ್ಡು, ಇಲ್ಲದಿದ್ದರೆ ಬುಲೆಟ್. ಇಬ್ಬರೂ ಬೇರೆ ಬೇರೆ ಪರೀಕ್ಷೆ ಮಾಡಬೇಕು, ಇಬ್ಬರ ಪಟ್ಟಿಯೂ ಒಂದೇ ಬರಬೇಕು. ಈ ಕೊನೆಯ ಷರತ್ತು ಹಾಕಿದವಳು ನಾನೇ. ಲ್ಯಾಬಿನ ಬುದ್ಧಿ.

ಪ್ರದೀಪ ಅಂಕೋಲೆಯ ಐಸ್ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಎರಡು ಗಂಟೆಗೆ ಮನೆಗೆ ಬರುತ್ತಾನೆ. ಅವನ ಪರೀಕ್ಷೆ ಮಧ್ಯಾಹ್ನ. ನಾನು ಬಸ್ಸಿಳಿದು ಬರುವಾಗ ಆರೂಕಾಲು, ನನ್ನ ಪರೀಕ್ಷೆ ಸಂಜೆ. ನಾಲ್ಕು ದಿನ ಕಳೆದು ಪಟ್ಟಿ ಎದುರುಬದುರು ಇಟ್ಟೆವು. ಅವನ ಪಟ್ಟಿಯಲ್ಲಿ ಊರು ಕಟ್ಟುವ ಆಟವೊಂದೇ ಫೇಲು. ನನ್ನದರಲ್ಲಿ ಊರು, ಲಾರಿ, ಕಾರು, ಹಡಗು, ನಾಲ್ಕು ಫೇಲು. ಲಾರಿ ಅವನಿಗೆ ಅರವತ್ತೈದು ತೋರಿಸಿತ್ತಂತೆ, ನನಗೆ ಮೂವತ್ತಾರು.

"ಹಿಂದೆ ಬೇರೆ ಹತ್ತು ಪ್ರೋಗ್ರಾಂ ತೆರದಿಟ್ಟು ಆಡ್ದೆ ನೀನು," ಅಂದ ಅವನು.

"ನೀ ನಿದ್ದೆಗಣ್ಣಲ್ಲಿ ನಂಬರ್ ಓದ್ದೆ," ಅಂದೆ ನಾನು.

ನಮ್ಮ ತಾಯಿ, ನಾವು ಆಯಿ ಅನ್ನುವುದು, ಒಳಗಿನಿಂದ, ಜಗಳ ಮಾಡುವುದಾದರೆ ತೆಂಗಿನಕಾಯಿಯಾದರೂ ಸುಲಿಯುತ್ತ ಮಾಡಿ ಅಂದಳು. ನಾವು ಎರಡೂ ಮಾಡಿದೆವು. ಕೊನೆಗೆ ಇಬ್ಬರೂ ಇನ್ನೊಂದು ಸಲ ಪರೀಕ್ಷೆ ಮಾಡುವುದೆಂದಾಯಿತು.

ಆದರೆ ನನಗೆ ಒಳಗೊಳಗೇ ಕಿರಿಕಿರಿ. ಒಂದೇ ರಕ್ತದ ಸಕ್ಕರೆ ಮಧ್ಯಾಹ್ನ ನೂರು, ಸಂಜೆ ಮುನ್ನೂರು ಬಂದರೆ ಯಾರಾದರೂ ಸುಮ್ಮನಿರುತ್ತಾರೆಯೇ? ನಡುವೆ ಏನೋ ಬದಲಾಗಿರಲೇಬೇಕು. ಕಂಪ್ಯೂಟರಿನೊಳಗಿನ ಬಿಸಿ, ವೇಗ ಎಲ್ಲವನ್ನೂ ನಿಮಿಷನಿಮಿಷಕ್ಕೆ ಬರೆದಿಡುವ ಒಂದು ಸಣ್ಣ ಪ್ರೋಗ್ರಾಂ ಹಾಕಿದೆ. ಅದು ತನ್ನಷ್ಟಕ್ಕೆ ಬರೆಯುತ್ತ ಕೂತಿತು. ನಾನು ಅದನ್ನು ಓದುವುದನ್ನು ಮರೆತೆ.

ಮಂಗಳವಾರ ಲ್ಯಾಬಿನಲ್ಲಿ ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು, ನಾನು ನಾಲ್ಕೂವರೆಗೇ ಮನೆಗೆ ಬಂದೆ. ಹಡಗಿನ ಆಟ ಹಾಕಿದೆ. ಇಪ್ಪತ್ತೊಂಬತ್ತು ಫ್ರೇಮು. ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಐದು ಗಂಟೆಗೆ ಪಡುವಣ ಗಾಳಿ ಶುರುವಾಯಿತು. ಆಯಿ ಚಾ ಕುಡಿದ ಲೋಟ ಇಟ್ಟು, ದಿನಾ ಮಾಡುವಂತೆ, ಬೆಳಿಗ್ಗೆ ತೆಗೆದಿಟ್ಟ ಹೊದಿಕೆಗಳಿಂದ ಮನೆಯ ವಸ್ತುಗಳನ್ನು ಮುಚ್ಚಲು ಹೊರಟಳು.

ಇದು ನಮ್ಮ ಕಡೆ ಹೊಸದಲ್ಲ. ಸಮುದ್ರದ ಉಪ್ಪು ಗಾಳಿಗೆ ಮೊಳೆಯಿಂದ ಹಿಡಿದು ಫ್ರಿಜ್ಜಿನವರೆಗೆ ಎಲ್ಲವೂ ತುಕ್ಕು ಹಿಡಿಯುತ್ತದೆ. ಆಯಿ ಟೀವಿಗೆ ಹೂವಿನ ಬಟ್ಟೆ ಹೊದಿಸಿದಳು, ಮಿಕ್ಸರಿಗೆ ಪ್ಲಾಸ್ಟಿಕ್ ಚೀಲ ಹಾಕಿದಳು, ಹೊಲಿಗೆ ಮಷಿನ್ನಿಗೆ ಅಪ್ಪನ ಹಳೇ ಪಂಚೆ. ಆಮೇಲೆ ನನ್ನ ಮೇಜಿನ ಕೆಳಗೆ ಬಗ್ಗಿ, ಓಡುತ್ತಿದ್ದ ಕಂಪ್ಯೂಟರಿನ ಡಬ್ಬಕ್ಕೆ ಹಳೇ ಸೀರೆ ಸೇರಿಸಿ ಹೊಲಿದ ನಾಲ್ಕು ಮಡಿಕೆಯ ಕೌದಿಯೊಂದನ್ನು ಹೊದಿಸಿ, ಹಿಂದೆ ಮುಂದೆ ಚೆನ್ನಾಗಿ ಸಿಕ್ಕಿಸಿದಳು. ಹತ್ತು ನಿಮಿಷದಲ್ಲಿ ಇಪ್ಪತ್ತೊಂಬತ್ತು ಇದ್ದದ್ದು ಇಪ್ಪತ್ತೆರಡಾಯಿತು, ಹತ್ತೊಂಬತ್ತಾಯಿತು, ಹದಿನೇಳಕ್ಕೆ ಬಂದು ನಿಂತಿತು.

ಆ ಕೌದಿ ದಿನಾ ನನ್ನ ಕಾಲಿಗೆ ತಾಗುತ್ತಿತ್ತು. ನಮ್ಮ ಮನೆಯಲ್ಲಿ ಮುಚ್ಚಿರದ ವಸ್ತುವೇ ಇಲ್ಲವಾದ್ದರಿಂದ ಅದು ತಲೆಗೆ ಹೋಗಿರಲೇ ಇಲ್ಲ. ಪಾಪದ ಕಾರ್ಡು ಬಿಸಿ ಗಾಳಿ ಹೊರಗೆ ಬಿಡಲಾರದೆ, ಸುಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸಿಕೊಂಡು ಒದ್ದಾಡುತ್ತಿತ್ತು.

ಆ ಕ್ಷಣ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ತಲೆಯೊಳಗೆ ಲೆಕ್ಕ ಓಡಿತು. ಕೌದಿ ತೆಗೆದರೆ ಲಾರಿ ಪಾಸು, ಕಾರೂ ಪಾಸಾಗಬಹುದು, ಮೂರು ಫೇಲು ಸಿಗುವುದು ಅನುಮಾನ. ಕೌದಿ ಇದ್ದರೆ ನಾಲ್ಕು ಫೇಲು, ಕಾರ್ಡು ನನ್ನದು.

"ಎಂತಾ ಆಯ್ತೇ?" ಅಂದಳು ಆಯಿ.

"ಏನಿಲ್ಲ ಆಯಿ. ಆ ಬದಿಗೂ ಸ್ವಲ್ಪ ಸಿಕ್ಸು, ಗಾಳಿ ಹೋಗ್ತದೆ," ಅಂದೆ.

ಆಯಿಗೆ ಎಷ್ಟು ಖುಷಿಯಾಯಿತೆಂದರೆ, ಇಪ್ಪತ್ತೊಂಬತ್ತು ವರ್ಷಕ್ಕೆ ಮಗಳಿಗೆ ಮನೆವಾರ್ತೆಯ ಬುದ್ಧಿ ಬಂತೆಂದು ಪಕ್ಕದ ಮನೆಯ ಸುಮಲತಕ್ಕನಿಗೆ ಹೇಳಿಬಂದಳು. ನಾನು ಲ್ಯಾಬಿನಲ್ಲಿ ಒಂದು ಹನಿ ಹೆಚ್ಚುಕಮ್ಮಿಯಾದರೂ ಸ್ಯಾಂಪಲ್ ಚೆಲ್ಲಿ ಮತ್ತೆ ತೆಗೆಯುವವಳು. ಮನೆಯಲ್ಲಿ ಮಾತ್ರ ಕೌದಿಯೊಳಗಿನ ನಂಬರನ್ನು ಎರಡನೇ ಸಲವೂ ಚಂದದ ಅಕ್ಷರದಲ್ಲಿ ಬರೆದುಕೊಂಡೆ.

ಪ್ರದೀಪ ಒಪ್ಪಲಿಲ್ಲ. ಅವನ ಎರಡನೇ ಪಟ್ಟಿಯೂ ಮೊದಲಿನಂತೆಯೇ ಬಂದಿತ್ತು. "ಹರಿಶ್ಚಂದ್ರ ಮಾಮ ನೋಡ್ಲಿ. ಅವ್ರು ಹೇಳ್ದಂಗೆ ಆಗ್ಲಿ," ಅಂದ. ಕಾರ್ಡು ಮಾರುವವನೇ ತೀರ್ಪು ಕೊಡುತ್ತಾನೆಂದರೆ ನನಗೆ ನಷ್ಟವೇನು ಎಂದುಕೊಂಡು ಹೂಂ ಅಂದೆ.

ಶನಿವಾರ ಬೆಳಿಗ್ಗೆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಾರವಾರಕ್ಕೆ ಹೋದೆವು. ಕಂಡಕ್ಟರು ಅದಕ್ಕೂ ಲಗೇಜ್ ಟಿಕೆಟು ಹರಿದ.

ಹರಿಶ್ಚಂದ್ರ ಮಾಮನಿಗೆ ಅರವತ್ತರ ಹತ್ತಿರ. ಮೊದಲು ರೇಡಿಯೊ ರಿಪೇರಿ, ಆಮೇಲೆ ಟೀವಿ, ಈಗ ಇದು. ಯಾವುದಕ್ಕೂ ಅವಸರವಿಲ್ಲ. ನಮ್ಮ ಎರಡು ಪಟ್ಟಿಗಳನ್ನು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು. ಆಮೇಲೆ ಡಬ್ಬ ಬಿಚ್ಚಿ ಬ್ಲೋವರಿನಿಂದ ಗಾಳಿ ಹೊಡೆದರು. ಕಾರ್ಡಿನ ಫ್ಯಾನಿನಿಂದ ಒಂದು ಹಿಡಿ ನೂಲು ಹೊರಬಂತು. ಕೆಂಪು, ಹಸಿರು, ನೀಲಿ.

"ಇದೆಂತಾ ತಂಗಿ, ಇದ್ರೊಳಗೆ ಯಾರಾದ್ರೂ ಸೀರೆ ಉಟ್ಕಂಡಿದ್ರಾ?" ಅಂದರು.

ನಾನು ಕಪಾಟಿನ ಕಡೆ ನೋಡಿದೆ. ಅವರು ಡಬ್ಬಕ್ಕೆ ಪರದೆ ಜೋಡಿಸಿ, ನಾನೇ ಹಾಕಿದ್ದ ಆ ಸಣ್ಣ ಪ್ರೋಗ್ರಾಂ ತೆರೆದರು. ಎಂಟು ದಿನದ ಬರಹ ಸಾಲಾಗಿ ನಿಂತಿತ್ತು. ಮಧ್ಯಾಹ್ನ ಅರವತ್ತೆಂಟು ಡಿಗ್ರಿ. ಸಂಜೆ ಐದು ದಾಟಿದರೆ ಎಂಬತ್ತೆಂಟು, ಕಾರ್ಡಿನ ವೇಗ ಅರ್ಧಕ್ಕೆ ಹತ್ತಿರ. ದಿನಾ ಅದೇ ಹೊತ್ತಿಗೆ, ಗಡಿಯಾರ ನೋಡಿಕೊಂಡು ಜ್ವರ ಬಂದ ಹಾಗೆ.

"ಸಂಜೆ ಇದ್ಕೆ ಯಾರೋ ಏನೋ ಹೊದಸ್ತಾರೆ," ಅಂದರು ಮಾಮ.

ಪ್ರದೀಪ ನನ್ನತ್ತ ತಿರುಗಿದ. ನಾನು ಸುಳ್ಳು ಹೇಳಲು ಹೊರಟು ಅರ್ಧದಲ್ಲಿ ಸುಸ್ತಾದೆ. "ಕೌದಿ," ಅಂದೆ. "ಆಯಿ ಹೊದಸ್ತಾಳೆ. ಮಂಗಳವಾರದಿಂದ ನಂಗೆ ಗೊತ್ತಿತ್ತು."

ಅವನ ಮುಖದಲ್ಲಿ ಗೆದ್ದವನ ನಗು ಅಗಲವಾಗುತ್ತಿದ್ದಂತೆ ಮಾಮ ಕಾರಿನ ಆಟದ ಸೆಟ್ಟಿಂಗ್ ತೆರೆದು, "ಇದು ಯಾರದ್ದು?" ಅಂದರು. ರೆಸೊಲ್ಯೂಶನ್ನು ಏಳುನೂರ ಇಪ್ಪತ್ತಕ್ಕೆ ಇಳಿದಿತ್ತು. ಹಡಗಿನದ್ದೂ ಅಷ್ಟೇ. ಪ್ರದೀಪ ನಾನು ಆಡಿದ ಮೇಲೆ ಇಳಿಸಿ, ನಾನು ಬರುವ ಮೊದಲು ಏರಿಸಿ ಇಡುತ್ತಿದ್ದನಂತೆ. ಶುಕ್ರವಾರ ನಾನು ಆಡಲು ಕೂರಲಿಲ್ಲ, ಅವನು ಏರಿಸುವುದು ಮರೆತಿದ್ದಾನೆ. ಬಿಂದುಗಳು ಅರ್ಧಕ್ಕಿಂತ ಕಮ್ಮಿಯಾದರೆ ಯಾವ ಕಾರ್ಡಾದರೂ ಓಡುತ್ತದೆ, ಚಿತ್ರ ಮಾತ್ರ ನೀರಲ್ಲಿ ನೆಂದ ಹಾಗೆ ಕಾಣುತ್ತದೆ. ಬುಲೆಟ್ಟಿನ ಆಸೆಗೆ ಈ ಮಹಾಶಯ ಎಂಟು ದಿನ ಎದುರಿನ ಕಾರಿನ ನಂಬರ್ ಪ್ಲೇಟೂ ಕಾಣದ ಮಬ್ಬಿನಲ್ಲಿ ರೇಸ್ ಓಡಿಸಿದ್ದ.

"ಅಣ್ಣ ತಂಗಿ ಇಬ್ರೂ ಚೊಲೋ ಇದ್ದೀರಿ," ಅಂದರು ಮಾಮ. ಅಕ್ಕ ತಮ್ಮ ಎಂದು ತಿದ್ದುವ ಮುಖ ಇಬ್ಬರಿಗೂ ಇರಲಿಲ್ಲ.

ಅವರು ಎರಡೂ ಪಟ್ಟಿ ಹರಿದು, ಹೊಸದಾಗಿ ಪರೀಕ್ಷೆ ಶುರು ಮಾಡಿದರು. ನಾವಿಬ್ಬರೂ ಬೆಂಚಿನ ಮೇಲೆ ಕೈ ಕಟ್ಟಿ ಕೂತೆವು. ಗುಂಡಿನ ಆಟ ನೂರ ನಲವತ್ತು. "ಇದ್ಕೆ ಹೊಸ ಕಾರ್ಡು ಹಾಕದ್ರೆ ಇನ್ನೂರೈವತ್ತು ಬರ್ತದೆ. ನಿಮ್ಮ ಪರದೆ ತೋರ್ಸೂದು ಅರವತ್ತೇ. ಉಳದದ್ದು ಯಾರಿಗೆ?" ಅಂದರು. ಕ್ರಿಕೆಟ್ ಪಾಸು. ಲಾರಿ ಅರವತ್ತೈದು, ಪಾಸು. ಕಾರು ಸರಿಯಾದ ಅಳತೆಯಲ್ಲಿ ಮೂವತ್ಮೂರು, ಕಾರ್ಡಿನ ನಾಲ್ಕು ಜಿಬಿ ಮೆಮೊರಿ ತುಂಬಿ ನಡುನಡುವೆ ತಡೆತಡೆದು ನಿಲ್ಲುತ್ತಿತ್ತು. ಫೇಲು. ಹಡಗು ಇಪ್ಪತ್ತೊಂಬತ್ತು. ಫೇಲು. ಕೊನೆಗೆ ಊರು ಕಟ್ಟುವ ಆಟ. ನಾವು ಕಟ್ಟಿದ ದೊಡ್ಡ ಊರು ತೆರೆದಾಗ ಇಪ್ಪತ್ತೈದು.

"ಮೂರಾಯ್ತು," ಅಂದೆ ನಾನು. ಕೌದಿ ಇಲ್ಲದೆಯೂ ಮೂರು. ನನ್ನ ಕಣ್ಣು ಕಪಾಟಿನ ಮೇಲೆ ಹೋಯಿತು. ಕೌದಿಯ ಪಾಪ ಮಾಡದಿದ್ದರೂ ನಡೆಯುತ್ತಿತ್ತಲ್ಲ ಎಂದು ಹೊಟ್ಟೆ ಉರಿಯಿತು, ಖುಷಿಯೂ ಆಯಿತು.

ಮಾಮ ಕಪಾಟಿನ ಕಾರ್ಡು ತೆಗೆದರು. ನಮ್ಮ ಡಬ್ಬದ ಪವರ್ ಸಪ್ಲೈ ಅದಕ್ಕೆ ಸಾಲದು, ತಂದರೆ ಅದನ್ನೂ ಬದಲಿಸಬೇಕು ಎಂದು ಹೇಳಿ, ಅಂಗಡಿಯ ದೊಡ್ಡ ಸಪ್ಲೈಯಿಂದ ತಂತಿ ಎಳೆದು ಜೋಡಿಸಿದರು. ಮೊದಲು ಹಡಗು ಹಾಕಿದರು.

ಎಪ್ಪತ್ತು ಫ್ರೇಮು. ಅಲೆ ಎದ್ದಿತು, ನಿಂತಿತು, ತುದಿಯಲ್ಲಿ ನೊರೆ ಒಡೆಯಿತು, ಹಡಗಿನ ಮೂತಿ ಕೆಳಗಿಳಿದು ನೀರು ಡೆಕ್ಕಿನ ಮೇಲೆ ಹರಿಯಿತು. ಮಾಜಾಳಿಯಿಂದ ಗೋಕರ್ಣದವರೆಗೆ ಸಮುದ್ರ ನೋಡಿಯೇ ಬೆಳೆದವಳು ನಾನು, ಆದರೂ ಬೆಂಚಿನಿಂದ ಎದ್ದು ಪರದೆಯ ಹತ್ತಿರ ಹೋದೆ. ಇದೇ ನನಗೆ ಬೇಕಾದದ್ದು. ಎರಡು ವರ್ಷ ಕಾದದ್ದು ಇದಕ್ಕೇ.

ಆಮೇಲೆ ಕಾರು ಹಾಕಿದರು. ಪ್ರದೀಪ ಪರದೆಗೆ ಮೂಗು ತಾಗಿಸಿ ಕೂತ. ರಸ್ತೆಯ ಮೇಲಿನ ಮಳೆನೀರಿನಲ್ಲಿ ಅಂಗಡಿಯ ದೀಪ ಕಾಣುತ್ತಿತ್ತು, ನಂಬರ್ ಪ್ಲೇಟು ಓದಲು ಬರುತ್ತಿತ್ತು. ಅವನ ಬಾಯಿ ತೆರೆದೇ ಇತ್ತು.

"ಈಗ ಊರು ನೋಡಿ," ಅಂದರು ಮಾಮ.

ಊರು ಇಪ್ಪತ್ತಾರು. ಹಳೇ ಕಾರ್ಡಿಗಿಂತ ಒಂದೇ ಹೆಚ್ಚು.

"ಈ ಆಟದಲ್ಲಿ ಕಾರ್ಡು ಅರ್ಧಕ್ಕರ್ಧ ಖಾಲಿ ಕೂತದೆ. ಅಷ್ಟು ಸಾವಿರ ಜನ ಎಲ್ಲಿ ಹೋಗ್ತಾರೆ, ಎಲ್ಲಿ ಬರ್ತಾರೆ ಅಂತ ಲೆಕ್ಕ ಹಾಕೂದು ಪ್ರೊಸೆಸರ್. ಸುಸ್ತಾದದ್ದು ಅದು. ಇದ್ಕೆ ನಾ ಕಪಾಟಲ್ಲಿರೂ ಅಷ್ಟೂ ಕಾರ್ಡು ಹಾಕದ್ರೂ ಉಪಯೋಗಿಲ್ಲ," ಅಂದರು. ಕಾರ್ಡು ಮಾರಿ ಹೊಟ್ಟೆ ಹೊರೆಯುವ ಮನುಷ್ಯ ಇದನ್ನು ಹೇಳಬೇಕಾದ ಅಗತ್ಯವೇ ಇರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು.

"ಆದ್ರೂ ಫೇಲ್ ಫೇಲೇ," ಅಂದದ್ದು ಪ್ರದೀಪ. ನಾನು ಬೆಚ್ಚಿ ಅವನನ್ನು ನೋಡಿದೆ. "ಕರಾರಲ್ಲಿ ನಲವತ್ತಕ್ಕಿಂತ ಕಮ್ಮಿ ಬಂದ್ರೆ ಫೇಲು ಅಂತ ಅದೆ. ಯಾರಿಂದ ಕಮ್ಮಿ ಅಂತ ಇಲ್ಲ. ಮೂರು ಆಯ್ತು. ಮಾಮಾ, ಕಟ್ಟಿ ಕೊಡಿ ಅದನ್ನ."

"ಬುಲೆಟ್?" ಅಂದೆ.

"ಬುಲೆಟ್ ಎಲ್ಲಿಗೆ ಓಡಿಹೋಗ್ತದೆ."

ನಾನು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅರ್ಧ ಗಂಟೆಯಲ್ಲಿ ಕಾರ್ಡು ನನ್ನ ತೊಡೆಯ ಮೇಲೆ ಇರುತ್ತಿತ್ತು. ಆದರೆ ಊರಿನ ಇಪ್ಪತ್ತಾರು ನನ್ನ ಕಣ್ಣೆದುರೇ ಇತ್ತು. ಕಾಮಾಲೆಯವನಿಗೆ ಕಣ್ಣಿನ ಔಷಧ ಬರೆದುಕೊಟ್ಟ ಹಾಗಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಒಂದು ಸುಳ್ಳು ನಂಬರನ್ನು ಆಗಲೇ ಬರೆದಾಗಿತ್ತು, ಎರಡನೆಯದನ್ನು ಬರೆಯಲು ಕೈ ಬರಲಿಲ್ಲ.

"ಕಾರ್ಡು ಬೇಕು ಅನ್ನೂದು ಎರಡೇ ಆಟ. ಊರು ಲೆಕ್ಕಕ್ಕೆ ಬರೂದಿಲ್ಲ. ಬೇಡ ಮಾಮಾ," ಅಂದೆ.

"ನಾಲ್ಕು ದಿನ ಕೌದಿ ಹೊದ್ಸಿ ಈಗ ಸತ್ಯವಂತಳಾ ನೀನು?" ಅಂದ ಪ್ರದೀಪ. ಅವನ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು. ಇಬ್ಬರಿಗೂ ಕಾರ್ಡು ಬೇಕು, ದುಡ್ಡೂ ಇದೆ, ಕಾರ್ಡೂ ಎದುರಿಗಿದೆ, ಆದರೂ ತರುವ ಹಾಗಿಲ್ಲ. ಇಂಥ ಪೆದ್ದುತನ ನಮ್ಮಿಬ್ಬರಿಂದ ಮಾತ್ರ ಸಾಧ್ಯ.

ಮಾಮ ಹಳೇ ಕಾರ್ಡನ್ನು ಮತ್ತೆ ಹಾಕಿದರು. ಹಡಗಿನ ಆಟದಲ್ಲಿ ನೆರಳು, ಮೋಡ ಎರಡರ ಸೆಟ್ಟಿಂಗನ್ನೂ ಕೆಳಗಿಳಿಸಿ ಮೂವತ್ತೆಂಟಕ್ಕೆ ತಂದುಕೊಟ್ಟರು, ಕಾರಿನದ್ದೂ ಅಷ್ಟಕ್ಕೇ. ಮುಚ್ಚುವುದಾದರೆ ಆರಿಸಿ, ತಣಿದ ಮೇಲೆ ಮುಚ್ಚಿ, ತಿಂಗಳಿಗೊಮ್ಮೆ ಧೂಳು ತೆಗೆಸಿ ಅಂದರು.

ಕರಾರಿನ ಪ್ರಕಾರ ದುಡ್ಡು ಬುಲೆಟ್ಟಿನ ಪಾಲಿಗೆ ಉಳಿಯಿತು. ಮನೆಗೆ ಬಂದ ಕೂಡಲೇ ಪ್ರದೀಪ ಚಾಡಿ ಹೇಳುತ್ತಾನೆಂದು ಕಾದೆ. ಅವನು, "ಆಯಿ, ಕಂಪ್ಯೂಟರ್ ಓಡುವಾಗ ಕೌದಿ ಹಾಕಬಾರ್ದಂತೆ, ಉಸಿರು ಕಟ್ತದಂತೆ," ಎಂದಷ್ಟೇ ಹೇಳಿ ಒಳಗೆ ಹೋದ. ಹೇಳಿದ್ದರೇ ಒಳ್ಳೆಯದಿತ್ತು.

ಯಾಕೆಂದರೆ ಆಯಿ ಹೆದರಿಬಿಟ್ಟಳು. ಅಂದು ಸಂಜೆ ಟೀವಿಯ ಬಟ್ಟೆ ಕೈಯಲ್ಲಿ ಹಿಡಿದು, "ಇದ್ಕೆ ಉಸಿರು ಬೇಕೇ?" ಅಂದಳು. ಮಿಕ್ಸರಿನ ಎದುರು ನಿಂತು ಕೇಳಿದಳು. ಸೋಮವಾರ ಲ್ಯಾಬಿಗೆ ಫೋನ್ ಮಾಡಿ, ನಾನು ಯಾರದೋ ತೋಳಿಗೆ ಸೂಜಿ ಹಿಡಿದಿದ್ದಾಗ, ಫ್ರಿಜ್ಜಿನ ತಲೆಯ ಮೇಲಿನ ಬಟ್ಟೆ ಇರಬಹುದೋ ಬೇಡವೋ ಎಂದು ವಿಚಾರಿಸಿದಳು. ಮಂಗಳವಾರ ಹೊಲಿಗೆ ಮಷಿನ್ನಿನ ಪಂಚೆಯನ್ನೂ ತೆಗೆದಿಟ್ಟಿದ್ದಳು. ಅದಕ್ಕೆ ಕರೆಂಟೇ ಇಲ್ಲ, ಕಾಲಿನಿಂದ ತುಳಿಯುವುದು. "ಮಕ್ಕಳ ಆಟ ನಾನೇ ಹಾಳು ಮಾಡ್ದೆ, ನಂಗೆ ತಿಳೀಲಿಲ್ಲ," ಎಂದು ಸುಮಲತಕ್ಕನ ಹತ್ತಿರ ಹೇಳುತ್ತಿದ್ದದ್ದು ಬೇಲಿಯಾಚೆಯಿಂದ ನನ್ನ ಕಿವಿಗೆ ಬಿತ್ತು.

ನನಗೆ ತಡೆಯಲಾಗಲಿಲ್ಲ. ಅಂದು ಹಡಗು ನಿಲ್ಲಿಸಿ ಅಡುಗೆಮನೆಗೆ ಹೋದೆ. ಆಯಿ ಬಂಗಡೆ ಕೊಯ್ಯುತ್ತಿದ್ದಳು.

"ಆಯಿ, ನಿಂದೇನೂ ತಪ್ಪಿಲ್ಲ. ಕೌದಿಯಿಂದ ಆಟ ನಿಧಾನ ಆಗ್ತದೆ ಅಂತ ನಂಗೆ ಆ ದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ಹೇಳಲಿಲ್ಲ. ಇನ್ನೂ ಸಿಕ್ಸು ಅಂದೆ. ಆಟ ಫೇಲಾದ್ರೆ ಹೊಸ ಕಾರ್ಡು ತರಬಹುದು ಅಂತ," ಅಂದೆ. ಒಂದೇ ಉಸಿರಿಗೆ ಹೇಳಿ ನೆಲ ನೋಡುತ್ತ ನಿಂತೆ.

ಆಯಿಯ ಕತ್ತಿ ನಿಂತಿತು. ಬೈದರೆ ಸಾಕು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಮತ್ತೆ ಕಾರ್ಡು ಬಂತೇ?" ಅಂದಳು.

"ಇಲ್ಲ."

ಆಯಿ ಮುಂದಿನ ಬಂಗಡೆ ಕೈಗೆತ್ತಿಕೊಂಡಳು.

"ಹಂಗಾರೆ ಸುಳ್ಳು ಹೇಳಿದ್ದೂ ದಂಡ ಆಯ್ತಲ್ಲೇ," ಅಂದಳು.